ರೆಸ್ಯೂಮ್, ಕವರ್ ಲೆಟರ್ ಎರಡೂ ಒಂದೇ ಪಿಡಿಎಫ್‌ನಲ್ಲಿ: ಹಾಗಂದ್ರೆ ನಿಜಕ್ಕೂ ಏನು?

ಕೆಲಸದ ಜಾಹೀರಾತಿನ ಕೊನೆಗೆ ಒಂದು ಸಾಲು ಇರುತ್ತದೆ: "ರೆಸ್ಯೂಮ್ ಮತ್ತು ಕವರ್ ಲೆಟರ್ ಒಂದೇ ಪಿಡಿಎಫ್ ಆಗಿ ಕಳಿಸಿ." ರೆಸ್ಯೂಮ್ ಅಂದರೆ ನಾವು ಬಯೋಡೇಟಾ ಅಂತ ಕರೆಯುವುದೇ. ನಿಮ್ಮ ಓದು, ಅನುಭವ, ಫೋನ್ ನಂಬರ್ ಇರುವ ಹಾಳೆ. ಕವರ್ ಲೆಟರ್ ಅಂದರೆ ಅದರ ಜೊತೆಗಿನ ಅರ್ಜಿ ಪತ್ರ. ಯಾವ ಕೆಲಸಕ್ಕೆ, ಯಾಕೆ ನಾನು ಅಂತ ಒಂದು ಪುಟದಲ್ಲಿ ಹೇಳುವುದು. ಇಷ್ಟು ಎಲ್ಲರಿಗೂ ಗೊತ್ತು. ಜನ ಎಡವುವುದು "ಒಂದೇ ಪಿಡಿಎಫ್" ಅನ್ನುವ ಕಡೆ, ಅದರಲ್ಲೂ ಕನ್ನಡದಲ್ಲಿ ಟೈಪ್ ಮಾಡಿಸಿದಾಗ ಜಾಸ್ತಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಕಲೇಶಪುರದ ಕಡೆಯ ಒಬ್ಬ ಹುಡುಗಿ, ಬಿ.ಕಾಂ. ಮುಗಿಸಿದ್ದಾಳೆ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವ ಕೆಲಸ ಖಾಲಿ ಇದೆ. ಹಾಸನದ ಡಿಟಿಪಿ ಅಂಗಡಿಯಲ್ಲಿ ಕವರ್ ಲೆಟರ್ ಕನ್ನಡದಲ್ಲಿ, ರೆಸ್ಯೂಮ್ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಸುತ್ತಾಳೆ. ಅಂಗಡಿಯವರು ಎರಡು ವರ್ಡ್ ಫೈಲ್ ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ. ಆಕೆ ಎರಡನ್ನೂ ಮ್ಯಾನೇಜರ್‌ಗೆ ಕಳಿಸುತ್ತಾಳೆ. ಅಂಗಡಿಯ ಕಂಪ್ಯೂಟರ್‌ನಲ್ಲಿ ಎಲ್ಲಾ ಚೆನ್ನಾಗಿಯೇ ಇತ್ತು. ಮ್ಯಾನೇಜರ್ ಫೋನ್‌ನಲ್ಲಿ ತೆಗೆದಾಗ ಅರ್ಜಿ ಪತ್ರದ ತುಂಬ PÀ£ÀßqÀ ಅನ್ನುವ ಥರದ ಗುರುತುಗಳು. ರೆಸ್ಯೂಮ್‌ನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಕಾಂ. ಅಂಕಗಳ ಸಾಲು ಕೆಳಗಿನ ಸಾಲಿಗೆ ಜಾರಿದೆ, ಎರಡು ಪುಟದ್ದು ಮೂರು ಪುಟ ಆಗಿ ಕೊನೆ ಪುಟದಲ್ಲಿ ಸಹಿಯ ಜಾಗ ಒಂದೇ ಉಳಿದಿದೆ.

ಇದು ಯಾಕೆ ಆಯ್ತು ಅಂದರೆ, ವರ್ಡ್ ಫೈಲ್‌ನಲ್ಲಿ ಪುಟ ಅನ್ನುವುದು ಸಿದ್ಧವಾಗಿ ಇರುವುದೇ ಇಲ್ಲ. ಅದರಲ್ಲಿ ಇರುವುದು ಅಕ್ಷರಗಳು, ಮತ್ತು "ಇದನ್ನು ಇಂಥ ಫಾಂಟ್‌ನಲ್ಲಿ, ಇಷ್ಟು ಸೈಜಿನಲ್ಲಿ ತೋರಿಸು" ಅನ್ನುವ ಸೂಚನೆಗಳು. ಫಾಂಟ್‌ನ ಹೆಸರು ಇರುತ್ತದೆ, ಸಾಮಾನ್ಯವಾಗಿ ಫಾಂಟ್ ಇರುವುದಿಲ್ಲ. ತೆರೆಯುವ ಯಂತ್ರ ಪ್ರತಿಸಲ ಹೊಸದಾಗಿ ಲೆಕ್ಕ ಹಾಕಿ ಸಾಲು ಕತ್ತರಿಸುತ್ತದೆ, ಪುಟ ಕಟ್ಟುತ್ತದೆ. ಆ ಫಾಂಟ್ ಅಲ್ಲಿ ಇಲ್ಲದಿದ್ದರೆ ಬೇರೊಂದನ್ನು ಹಾಕಿಕೊಳ್ಳುತ್ತದೆ. ಬೇರೆ ಫಾಂಟ್‌ನ ಅಕ್ಷರ ಒಂದು ಕೂದಲೆಳೆ ಅಗಲ ಇದ್ದರೂ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಅಲ್ಲಿಂದ ಕೆಳಗಿನದೆಲ್ಲ ಜಾರುತ್ತದೆ. ಅಂಕಪಟ್ಟಿಯನ್ನು ಟೇಬಲ್ ಹಾಕದೆ ಸ್ಪೇಸ್ ಬಾರ್ ಒತ್ತಿ ಒತ್ತಿ ಜೋಡಿಸಿದ್ದರೆ ಅದು ಮೊದಲು ಕೆಡುತ್ತದೆ.

ಪಿಡಿಎಫ್ ಬೇರೆ ಜಾತಿಯದು. 1993ರಲ್ಲಿ ಅಡೋಬಿ ಕಂಪನಿ ತಂದದ್ದು, 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡ ಆಯಿತು. ಅದರಲ್ಲಿ ಪುಟ ಮುಗಿದ ಸ್ಥಿತಿಯಲ್ಲೇ ಇರುತ್ತದೆ. ಪುಟದ ಅಳತೆ ಮೊದಲೇ ಬರೆದಿರುತ್ತದೆ, ಪ್ರತಿ ಅಕ್ಷರದ ಆಕಾರ ಪುಟದ ಯಾವ ಬಿಂದುವಿನಲ್ಲಿ ಕೂರಬೇಕು ಅಂತಲೂ. ಅಳತೆಯ ಮಾನ ಇಂಚಿನ 72ರಲ್ಲಿ ಒಂದು ಭಾಗ. ಆ ಲೆಕ್ಕದಲ್ಲಿ ಎ4 ಹಾಳೆ ಸುಮಾರು 595 ಅಗಲ, 842 ಎತ್ತರ. ಫೋನ್ ಆಗಲಿ, ಲ್ಯಾಪ್‌ಟಾಪ್ ಆಗಲಿ, ಜೆರಾಕ್ಸ್ ಅಂಗಡಿಯ ಪ್ರಿಂಟರ್ ಆಗಲಿ, ಯಾರೂ ಸಾಲು ಮುರಿಯುವ ಲೆಕ್ಕ ಮತ್ತೆ ಹಾಕುವುದಿಲ್ಲ. ಇದ್ದದ್ದನ್ನು ಇದ್ದ ಜಾಗದಲ್ಲಿ ಬಿಡಿಸುತ್ತಾರೆ, ಅಷ್ಟೆ.

ಆದರೆ ಇದು ನಿಲ್ಲುವುದು ಒಂದು ಷರತ್ತಿನ ಮೇಲೆ. ಫಾಂಟ್ ಫೈಲ್‌ನ ಒಳಗೇ ಸೇರಿರಬೇಕು. ಸಾಮಾನ್ಯವಾಗಿ ಪೂರ್ತಿ ಫಾಂಟ್ ಸೇರುವುದಿಲ್ಲ, ಬಳಸಿದ ಅಕ್ಷರಗಳಷ್ಟೇ ಸೇರುತ್ತವೆ, ಅಷ್ಟು ಸಾಕು. ಸೇರದೆ ಇದ್ದರೆ ಪಿಡಿಎಫ್ ಕೂಡ ವರ್ಡ್ ಫೈಲ್‌ನ ಹಾಗೆ ಬೇರೆ ಫಾಂಟ್ ಹುಡುಕಿಕೊಂಡು ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಅಡೋಬಿ ರೀಡರ್ ಇದ್ದರೆ ಫೈಲ್ ತೆರೆದು Ctrl+D ಒತ್ತಿ, Fonts ಅನ್ನುವ ಕಡೆ ನೋಡಿ. ಪ್ರತಿ ಫಾಂಟ್ ಮುಂದೆ Embedded ಅಥವಾ Embedded Subset ಅಂತ ಇರಬೇಕು. ಯಾವುದರ ಮುಂದಾದರೂ ಆ ಮಾತು ಇಲ್ಲ ಅಂದರೆ ಫೈಲ್ ಇನ್ನೊಮ್ಮೆ ಮಾಡಿಸಿ. ವರ್ಡ್‌ನಲ್ಲಿ ಪಿಡಿಎಫ್ ಸೇವ್ ಮಾಡುವಾಗ Options ಒಳಗೆ PDF/A ಅನ್ನುವ ಆಯ್ಕೆ ಇರುತ್ತದೆ, ಲಿಬ್ರೆ ಆಫೀಸ್‌ನಲ್ಲೂ ಇದೆ. ಅದು ದಾಖಲೆ ಕಾದಿಡಲು ಮಾಡಿದ ಪಿಡಿಎಫ್ ಬಗೆ, ಅದರ ನಿಯಮದಲ್ಲೇ ಎಲ್ಲ ಫಾಂಟ್ ಒಳಗಿರಬೇಕು ಅಂತ ಇದೆ. ಟಿಕ್ ಹಾಕಿದರೆ ಒಂದು ಚಿಂತೆ ಕಡಿಮೆ.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲೇ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ಗಳು ಓಡುತ್ತವೆ. ಅವು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ, ಎಲ್ಲಾ ಕಡೆ ಒಂದೇ ಆದ ಪದ್ಧತಿಯವಲ್ಲ. ಹಾಗಾಗಿ ಫೈಲ್ ಒಳಗೆ ಕೂತಿರುವುದು ಕನ್ನಡ ಅಕ್ಷರವೇ ಅಲ್ಲ, ಇಂಗ್ಲಿಷ್ ಮತ್ತು ಯೂರೋಪಿನ ಕೆಲವು ಗುರುತುಗಳು. ಫಾಂಟ್ ಆ ಗುರುತಿಗೆ ಕನ್ನಡದ ಆಕಾರ ತೊಡಿಸುತ್ತದೆ. ಮೇಲೆ ಕಂಡ PÀ£ÀßqÀ ಅನ್ನುವುದು ನುಡಿ ಫಾಂಟ್‌ನಲ್ಲಿ "ಕನ್ನಡ" ಅಂತ ಕಾಣುತ್ತದೆ. ಮ್ಯಾನೇಜರ್ ಫೋನ್‌ನಲ್ಲಿ ನುಡಿ ಇರಲಿಲ್ಲ, ತೊಡಿಸಿದ್ದು ಕಳಚಿಬಿತ್ತು.

ಇದನ್ನೇ ಫಾಂಟ್ ಸೇರಿಸಿ ಪಿಡಿಎಫ್ ಮಾಡಿದ್ದರೆ ಕಣ್ಣಿಗೆ ಎಲ್ಲಾ ಕಡೆ ಕನ್ನಡವೇ ಕಾಣುತ್ತಿತ್ತು. ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರ್ ಓದಲು ಅದು ಸಾಕು. ಆದರೆ ಒಳಗಿನ ಪಠ್ಯ ಇನ್ನೂ ಅದೇ ಗುರುತುಗಳು. ಆಫೀಸಿನವರು ಫೈಲ್‌ಗಳಲ್ಲಿ "ಸಕಲೇಶಪುರ" ಅಂತ ಹುಡುಕಿದರೆ ನಿಮ್ಮದು ಸಿಗುವುದಿಲ್ಲ. ಇದನ್ನು ತಿಳಿಯಲು ಸುಲಭದ ಪರೀಕ್ಷೆ ಇದೆ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ, ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಪೇಸ್ಟ್ ಮಾಡಿ ನೋಡಿ. ಕನ್ನಡವೇ ಬಂದರೆ ಯೂನಿಕೋಡ್, ಗುರುತುಗಳ ರಾಶಿ ಬಂದರೆ ಹಳೆಯ ಫಾಂಟ್. ಯೂನಿಕೋಡ್‌ನಲ್ಲೇ ಮಾಡಿದ್ದರೂ ಕಾಪಿ ಮಾಡಿದಾಗ ಕೆಲವೊಮ್ಮೆ ಒತ್ತಕ್ಷರ, ಕೊಂಬು, ಏತ್ವ ಹಿಂದುಮುಂದು ಆಗಬಹುದು. ಪಿಡಿಎಫ್ ನೆನಪಿಡುವುದು ಅಕ್ಷರಗಳ ಆಕಾರ ಮತ್ತು ಜಾಗವನ್ನು, ನಾವು ಟೈಪ್ ಮಾಡಿದ ಕ್ರಮವನ್ನಲ್ಲ. ನಮ್ಮ ಲಿಪಿಯಲ್ಲಿ ಅವೆರಡೂ ಒಂದೇ ಅಲ್ಲವಲ್ಲ. ಹಾಗಾಗಿ ಪತ್ರ ಕನ್ನಡದಲ್ಲಿದ್ದರೂ ಹೆಸರು, ಇಮೇಲ್, ಯಾವ ಹುದ್ದೆ ಅನ್ನುವುದನ್ನು ಪತ್ರದ ತಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲೂ ಒಮ್ಮೆ ಹಾಕುವುದು ಒಳ್ಳೆಯದು.

ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟೇ: "ಅಣ್ಣಾ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಡಿ." ನುಡಿ ಸಾಫ್ಟ್‌ವೇರ್‌ನಲ್ಲೇ ಯೂನಿಕೋಡ್ ಕೂಡ ಬರುತ್ತದೆ. ಕೀಲಿಮಣೆ ಬದಲಿಸುವ ಅಗತ್ಯ ಅವರಿಗೆ ಇಲ್ಲ.

ಇನ್ನು "ಒಂದೇ" ಅನ್ನುವ ಭಾಗ. ಎರಡು ಫೈಲ್ ಕಳಿಸಿದರೆ ಮ್ಯಾನೇಜರ್ ಮುಂದೆ ಮಾಲೀಕರಿಗೆ ಫಾರ್ವರ್ಡ್ ಮಾಡುವಾಗ ಒಂದನ್ನು ಬಿಟ್ಟುಬಿಡುವುದು ತೀರಾ ಸಹಜ, ಬಿಟ್ಟುಹೋಗುವುದು ಹೆಚ್ಚಾಗಿ ಅರ್ಜಿ ಪತ್ರವೇ. ಒಂದೇ ಫೈಲ್‌ನಲ್ಲಿ ಮೊದಲ ಪುಟ ಪತ್ರ, ಎರಡನೇ ಪುಟದಿಂದ ರೆಸ್ಯೂಮ್. ಕ್ರಮ ಇದೇ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್ ಕಳಿಸಿದಾಗ ಚಿಕ್ಕದಾಗಿ ಕಾಣುವುದು ಮೊದಲ ಪುಟದ ಮೇಲ್ಭಾಗ, ಅಲ್ಲಿ ನಿಮ್ಮ ಹೆಸರು ಮತ್ತು ಹುದ್ದೆ ಇದ್ದರೆ ತೆರೆಯುವ ಮೊದಲೇ ಗೊತ್ತಾಗುತ್ತದೆ.

ಸೇರಿಸುವುದಕ್ಕೆ ಎರಡು ದಾರಿ. ವರ್ಡ್‌ನಲ್ಲೇ ಪತ್ರದ ಕೆಳಗೆ ರೆಸ್ಯೂಮ್ ಪೇಸ್ಟ್ ಮಾಡಬಹುದು, ಆದರೆ ಎರಡರ ಮಾರ್ಜಿನ್ ಬೇರೆ ಇದ್ದರೆ ನಡುವೆ ಸುಮ್ನೆ ಎಂಟರ್ ಒತ್ತಬೇಡಿ, Layout > Breaks ಒಳಗಿನ Next Page ಹಾಕಿ. ಪೇಸ್ಟ್ ಮಾಡುವಾಗ ರೆಸ್ಯೂಮ್ ತನ್ನ ಸ್ಟೈಲ್ ಬಿಟ್ಟು ಪತ್ರದ ಸ್ಟೈಲ್ ಹಿಡಿಯುವುದೂ ಉಂಟು. ನನಗೆ ಒಪ್ಪಿಗೆ ಆಗುವುದು ಇನ್ನೊಂದು ದಾರಿ: ಎರಡನ್ನೂ ಬೇರೆ ಬೇರೆ ಪಿಡಿಎಫ್ ಮಾಡಿ, ಆಮೇಲೆ ಜೋಡಿಸುವುದು. ಆಗ ಯಾವುದರ ಪುಟವೂ ಅಲುಗಾಡುವುದಿಲ್ಲ. ಲಿನಕ್ಸ್ ಇರುವ ಕಂಪ್ಯೂಟರ್‌ನಲ್ಲಿ ಪಾಪ್ಲರ್ ಅನ್ನುವ ಪಿಡಿಎಫ್ ಉಪಕರಣಗಳು ಇದ್ದರೆ ಜೋಡಿಸುವುದು, ಫಾಂಟ್ ನೋಡುವುದು ಎರಡೂ ಇಷ್ಟೇ:

```
pdfunite patra.pdf resume.pdf arji.pdf
pdffonts arji.pdf
```

ಎರಡನೇ ಆಜ್ಞೆ ತೋರಿಸುವ ಪಟ್ಟಿಯಲ್ಲಿ emb ಅನ್ನುವ ಕೆಳಗೆ ಎಲ್ಲಾ yes ಇರಬೇಕು. ಆನ್‌ಲೈನ್‌ನಲ್ಲಿ ಉಚಿತವಾಗಿ ಜೋಡಿಸಿಕೊಡುವ ತಾಣಗಳಿವೆ, ಕೆಲಸವೇನೋ ಆಗುತ್ತದೆ, ಆದರೆ ನಿಮ್ಮ ವಿಳಾಸ, ಹುಟ್ಟಿದ ದಿನ, ಫೋನ್ ನಂಬರ್ ಇರುವ ಫೈಲ್ ಬೇರೆಯವರ ಕಂಪ್ಯೂಟರ್‌ಗೆ ಹೋಗುತ್ತದೆ ಅನ್ನುವುದು ಗೊತ್ತಿದ್ದೇ ಮಾಡಿ.

ಸಹಿ ಬೇಕು ಅಂತ ಪ್ರಿಂಟ್ ತೆಗೆದು, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿಸುವ ರೂಢಿ ನಮ್ಮಲ್ಲಿ ಜಾಸ್ತಿ. ಅದೂ ಪಿಡಿಎಫ್ಫೇ, ಎಲ್ಲಾ ಕಡೆ ಒಂದೇ ಥರ ಕಾಣುತ್ತದೆ, ಆದರೆ ಅದು ಬರೀ ಫೋಟೋ. ಅಕ್ಷರ ಇಲ್ಲ, ಹುಡುಕಲು ಬರುವುದಿಲ್ಲ, ಫೋನ್ ನಂಬರ್ ಮೇಲೆ ಬೆರಳು ಒತ್ತಿದರೆ ಕಾಪಿ ಆಗುವುದಿಲ್ಲ, ಸೈಜೂ ದೊಡ್ಡದು. ಅದರ ಬದಲು ಬಿಳಿ ಹಾಳೆಯಲ್ಲಿ ಸಹಿ ಮಾಡಿ, ಸಹಿಯಷ್ಟನ್ನೇ ಫೋಟೋ ತೆಗೆದು, ಪತ್ರದ ಕೆಳಗೆ ಚಿತ್ರವಾಗಿ ಸೇರಿಸಿ ಪಿಡಿಎಫ್ ಮಾಡಿ.

ಪಿಡಿಎಫ್ ತಪ್ಪನ್ನೂ ಹಾಗೇ ಹಿಡಿದಿಡುತ್ತದೆ ಅನ್ನುವುದು ನೆನಪಿರಲಿ. ಅಂಗಡಿಯ ವರ್ಡ್‌ನಲ್ಲಿ ಪುಟದ ಅಳತೆ ಎ4 ಬದಲು Letter ಅಂತ ಇದ್ದರೆ ಪಿಡಿಎಫ್‌ನಲ್ಲೂ ಅದೇ ಇರುತ್ತದೆ, ಎ4 ಹಾಳೆಯಲ್ಲಿ ಪ್ರಿಂಟ್ ಮಾಡುವಾಗ ಮೇಲೆ ಕೆಳಗೆ ಜಾಗ ಬಿಟ್ಟು ಕುಗ್ಗುತ್ತದೆ. ಇನ್ನೊಂದು, ಅಂಗಡಿಯವರು ಹಳೆಯ ಗಿರಾಕಿಯ ರೆಸ್ಯೂಮ್ ಮೇಲೆಯೇ ನಿಮ್ಮದನ್ನು ಟೈಪ್ ಮಾಡಿದ್ದರೆ ಫೈಲ್‌ನ Title ಜಾಗದಲ್ಲಿ ಆ ಹಳೆಯ ಹೆಸರು ಉಳಿದಿರಬಹುದು. ಫೈಲ್ ಹೆಸರು ನಿಮ್ಮದೇ ಇದ್ದರೂ ಬ್ರೌಸರ್‌ನಲ್ಲಿ ತೆರೆದಾಗ ಮೇಲೆ ಬೇರೆಯವರ ಹೆಸರು ಕಾಣುತ್ತದೆ. ವರ್ಡ್‌ನಲ್ಲಿ File > Info ಒಳಗೆ ಅದನ್ನು ಬದಲಿಸಿ, ಆಮೇಲೆ ಪಿಡಿಎಫ್ ಮಾಡಬೇಕು.

ಪುಟ ಬದಲಾಗುವುದಿಲ್ಲ ಅನ್ನುವುದಕ್ಕೆ ಒಂದು ಬೆಲೆಯೂ ಇದೆ. ಫೋನ್ ಪರದೆ ಚಿಕ್ಕದು ಅಂತ ಪಿಡಿಎಫ್‌ನ ಸಾಲುಗಳು ಮಡಚಿಕೊಳ್ಳುವುದಿಲ್ಲ. ಇಡೀ ಎ4 ಪುಟವೇ ಕುಗ್ಗಿ ಕೂರುತ್ತದೆ. 9 ಪಾಯಿಂಟ್ ಅಕ್ಷರದಲ್ಲಿ ಎರಡು ಕಾಲಂ ಮಾಡಿದ ರೆಸ್ಯೂಮ್ ಓದಲು ಆ ಮ್ಯಾನೇಜರ್ ಹಿಗ್ಗಿಸುತ್ತಾ, ಎಡಕ್ಕೆ ಬಲಕ್ಕೆ ಎಳೆಯುತ್ತಾ ಕೂರಬೇಕು. 11 ಪಾಯಿಂಟ್, ಒಂದೇ ಕಾಲಂ ಇಟ್ಟರೆ ಫೋನ್ ಅಡ್ಡ ಹಿಡಿದು ಆರಾಮಾಗಿ ಓದಬಹುದು. ಕಂಪನಿಯ ಅರ್ಜಿ ತಾಣದಲ್ಲಿ ರೆಸ್ಯೂಮ್‌ಗೆ ಒಂದು ಜಾಗ, ಕವರ್ ಲೆಟರ್‌ಗೆ ಇನ್ನೊಂದು ಜಾಗ ಕೊಟ್ಟಿದ್ದರೆ ಜೋಡಿಸಿದ ಫೈಲ್ ಹಾಕಬೇಡಿ. ಅಲ್ಲಿ ರೆಸ್ಯೂಮ್‌ನ ಪಠ್ಯವನ್ನು ಸಾಫ್ಟ್‌ವೇರ್ ತಾನೇ ಓದಿ ಹೆಸರು, ಓದು ಎಲ್ಲ ತುಂಬಿಕೊಳ್ಳುವುದು ಉಂಟು, ಮೊದಲ ಪುಟ ಪತ್ರವಾಗಿದ್ದರೆ ಅದು ಗಲಿಬಿಲಿ ಆಗಬಹುದು. ಜೋಡಿಸುವ ಮೊದಲು ಮಾಡಿದ ಆ ಎರಡು ಪಿಡಿಎಫ್‌ಗಳನ್ನು ಅಳಿಸದೆ ಇಟ್ಟುಕೊಂಡಿದ್ದರೆ ಅವನ್ನೇ ಒಂದೊಂದಾಗಿ ಹಾಕಬಹುದು.