ಒಂದೇ ವಾಲ್ವ್‌ಗೆ ಎರಡು ಬೆಲೆ: ₹250ರ ವ್ಯತ್ಯಾಸಕ್ಕೆ ಲೆಕ್ಕ ಕೊಡುವುದು ಹೇಗೆ?

ಪೀಣ್ಯದ ಒಂದು ಕಾರ್ಖಾನೆ ಕೈಗಾರಿಕಾ ವಾಲ್ವ್‌ಗಳನ್ನು ತಯಾರಿಸುತ್ತದೆ. ಅದರ ಒಡೆತನ ಜರ್ಮನಿಯ ಒಂದು ಸಮೂಹದ್ದು. ವರ್ಷಕ್ಕೆ 80,000 ವಾಲ್ವ್‌ಗಳನ್ನು ಅದೇ ಸಮೂಹದ ಜರ್ಮನ್ ಮಾರಾಟ ಕಂಪನಿಗೆ ತಲಾ ₹900ರಂತೆ ಕಳುಹಿಸುತ್ತದೆ. ಅದೇ ಮಾದರಿಯ ವಾಲ್ವ್‌ಗಳನ್ನು, ಸಮೂಹಕ್ಕೆ ಯಾವ ಸಂಬಂಧವೂ ಇಲ್ಲದ ಆಸ್ಟ್ರಿಯಾದ ಒಬ್ಬ ಯಂತ್ರ ತಯಾರಕರಿಗೆ ₹1,150ರಂತೆ ಮಾರುತ್ತದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಅಂಕಿಗಳನ್ನು ಸರಳಗೊಳಿಸಿ ಹೇಳುತ್ತಿರುವ ಈ ಪ್ರಕರಣದಲ್ಲಿ ತೆರಿಗೆ ಇಲಾಖೆಯ ವರ್ಗಾವಣೆ ಬೆಲೆ ಅಧಿಕಾರಿ, ಅಂದರೆ ಟಿಪಿಒ, ಕೇಳಿದ ಮೊದಲ ಪ್ರಶ್ನೆ ನೇರವಾಗಿತ್ತು: ಪ್ರತಿ ವಾಲ್ವ್‌ನ ಮೇಲೆ ₹250 ಕಡಿಮೆ ಪಡೆದಿರುವುದರಿಂದ, ₹2 ಕೋಟಿ ಲಾಭವನ್ನು ಭಾರತದ ಆಚೆಗೆ ದಾಟಿಸಿದಂತಾಗಲಿಲ್ಲವೇ?

ಆದಾಯ ತೆರಿಗೆ ಕಾಯ್ದೆಯಲ್ಲಿ 2001ರಲ್ಲಿ ಸೇರಿದ ವರ್ಗಾವಣೆ ಬೆಲೆ ನಿಯಮಗಳ ತಿರುಳು ಇಷ್ಟೇ: ಪರಸ್ಪರ ಸಂಬಂಧವಿರುವ ಎರಡು ಉದ್ಯಮಗಳ ನಡುವಿನ ಅಂತರರಾಷ್ಟ್ರೀಯ ವ್ಯವಹಾರದಿಂದ ಬರುವ ಆದಾಯವನ್ನು, ಸಂಬಂಧವೇ ಇಲ್ಲದ ಇಬ್ಬರು ಅದೇ ಸಂದರ್ಭದಲ್ಲಿ ಒಪ್ಪಿಕೊಳ್ಳುತ್ತಿದ್ದ ಬೆಲೆಯ ಆಧಾರದ ಮೇಲೆ ಲೆಕ್ಕ ಹಾಕಬೇಕು. ಇದನ್ನೇ ಆರ್ಮ್ಸ್ ಲೆಂತ್ ಬೆಲೆ ಎನ್ನುತ್ತೇವೆ. ಎರಡೂ ಘಟಕಗಳನ್ನು ಸಮೂಹದವರು ‘ನಮ್ಮ ಶಾಖೆಗಳು’ ಎಂದು ಕರೆಯಬಹುದು. ಆದರೆ ಅವು ಪ್ರತ್ಯೇಕ ಕಂಪನಿಗಳಾಗಿದ್ದರೂ, ಒಂದು ಇನ್ನೊಂದರ ಕಾಯಂ ನೆಲೆ, ಅಂದರೆ ಬೇರೆ ದೇಶದಲ್ಲಿ ವ್ಯವಹಾರ ನಡೆಸುವ ಸ್ಥಿರ ಜಾಗ, ಆಗಿದ್ದರೂ, ಈ ಉದ್ದೇಶಕ್ಕೆ ಅವನ್ನು ಬೇರೆ ಬೇರೆ ಉದ್ಯಮಗಳೆಂದೇ ಕಾಣಲಾಗುತ್ತದೆ.

ಬೆಲೆ ನಿರ್ಧರಿಸಲು ಹಲವು ವಿಧಾನಗಳಿದ್ದರೂ, ಕಂಪನಿಯು ಅದೇ ಸರಕನ್ನು ಹೊರಗಿನವರಿಗೂ ಮಾರುತ್ತಿದ್ದರೆ ಕಣ್ಣು ಮೊದಲು ಹೋಗುವುದು ಬೆಲೆಗೆ ಬೆಲೆಯನ್ನು ಹೋಲಿಸುವ ಸಿಯುಪಿ ವಿಧಾನದ ಕಡೆಗೆ. ಹೋಲಿಕೆಗೆ ಬೇಕಾದ ಬಿಲ್ಲುಗಳು ಕಂಪನಿಯ ಕಪಾಟಿನಲ್ಲಿಯೇ ಇರುತ್ತವೆ ಎಂಬುದು ಇದರ ಅನುಕೂಲ. ಆ ಬಿಲ್ಲುಗಳು ಅಧಿಕಾರಿಯ ಕೈಗೂ ಸುಲಭವಾಗಿ ಸಿಗುತ್ತವೆ ಎಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ. ಈ ಕಂಪನಿ ತನ್ನ ವರದಿಯಲ್ಲಿ ಒಟ್ಟು ನಿವ್ವಳ ಲಾಭವನ್ನು ಬೇರೆ ತಯಾರಕರ ಲಾಭದೊಂದಿಗೆ ಹೋಲಿಸಿ, ‘ನಮ್ಮದೇ ಹೆಚ್ಚಿದೆ’ ಎಂದು ತೋರಿಸಿತ್ತು. ಅಧಿಕಾರಿ ಅದನ್ನು ಬದಿಗಿಟ್ಟರು. ಹೊರಗಿನವರಿಗೆ ಮಾರಿ ಗಳಿಸಿದ ಲಾಭವು ಸೋದರ ಕಂಪನಿಗೆ ಅಗ್ಗವಾಗಿ ಮಾರಿದ್ದನ್ನು ಮುಚ್ಚಿಬಿಡಬಹುದು ಎಂಬ ಅವರ ವಾದದಲ್ಲಿ ಹುರುಳಿತ್ತು.

ಹಾಗೆಂದು ಎರಡು ಬಿಲ್ಲುಗಳ ಅಂಕಿಗಳನ್ನು ಕಳೆದು ಬಂದ ಮೊತ್ತವನ್ನೇ ಆದಾಯಕ್ಕೆ ಸೇರಿಸಲು ಬರುವುದಿಲ್ಲ. ಎರಡು ಮಾರಾಟಗಳ ಷರತ್ತುಗಳಲ್ಲಿ ಬೆಲೆಯ ಮೇಲೆ ಪರಿಣಾಮ ಬೀರುವ ವ್ಯತ್ಯಾಸಗಳಿದ್ದರೆ, ಅವುಗಳ ಮೌಲ್ಯವನ್ನು ಹೊರಗಿನವರ ಬೆಲೆಯಲ್ಲಿ ಹೊಂದಿಸಿಕೊಂಡ ಮೇಲೆಯೇ ಹೋಲಿಕೆ ಮಾಡಬೇಕೆಂದು ನಿಯಮವೇ ಹೇಳುತ್ತದೆ. ಕಂಪನಿಯ ತೆರಿಗೆ ಸಲಹೆಗಾರರಾದ ನಾವು ಎರಡೂ ಒಪ್ಪಂದಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದೆವು. ಆಸ್ಟ್ರಿಯಾದ ಗ್ರಾಹಕರಿಗೆ ಸರಕನ್ನು ಅವರ ಗೋದಾಮಿನವರೆಗೆ ತಲುಪಿಸಬೇಕಿತ್ತು; ಜರ್ಮನ್ ಕಂಪನಿಯ ಮಟ್ಟಿಗೆ ಜವಾಬ್ದಾರಿ ಚೆನ್ನೈ ಬಂದರಿನಲ್ಲಿ ಹಡಗಿಗೆ ಏರಿಸಿದಲ್ಲಿಗೆ ಮುಗಿಯುತ್ತಿತ್ತು. ಸಾಗಣೆ ಮತ್ತು ವಿಮೆಯ ಬಿಲ್ಲುಗಳಿಂದ ಈ ವ್ಯತ್ಯಾಸ ವಾಲ್ವ್‌ಗೆ ₹42 ಎಂದು ತೇಲಿತು. ಆಸ್ಟ್ರಿಯಾದವರಿಗೆ ಕೊಟ್ಟ ವಾರಂಟಿಯ ಪ್ರಕಾರ ದೋಷವಿದ್ದ ವಾಲ್ವ್‌ಗಳನ್ನು ಬದಲಿಸಿಕೊಟ್ಟ ವೆಚ್ಚ ₹23. ಅಲ್ಲಿನ ಮಾರಾಟ ಏಜೆಂಟರಿಗೆ ಕೊಟ್ಟ ಕಮಿಷನ್ ₹58; ಸೋದರ ಕಂಪನಿಗೆ ಮಾರುವಾಗ ಈ ಖರ್ಚಿರಲಿಲ್ಲ. ಇನ್ನು ಸಾಲದ ಅವಧಿ: ಹೊರಗಿನವರಿಗೆ 90 ದಿನ, ಸೋದರ ಕಂಪನಿಗೆ 30 ದಿನ. ಹೆಚ್ಚುವರಿ 60 ದಿನಗಳಿಗೆ, ಕಂಪನಿ ತನ್ನ ದುಡಿಯುವ ಬಂಡವಾಳದ ಸಾಲಕ್ಕೆ ಬ್ಯಾಂಕಿಗೆ ಕಟ್ಟುತ್ತಿದ್ದ ಶೇ 10ರ ದರದಲ್ಲಿ, ₹1,150ರ ಮೇಲಿನ ಬಡ್ಡಿ ಸುಮಾರು ₹19. ಈ ನಾಲ್ಕೂ ಸೇರಿ ₹142 ಆಯಿತು. ಪ್ರತಿಯೊಂದಕ್ಕೂ ಆ ವರ್ಷದ್ದೇ ಆದ ಕಾಗದವಿದ್ದುದರಿಂದ ಅಧಿಕಾರಿ ಹೆಚ್ಚು ಚರ್ಚೆಯಿಲ್ಲದೆ ಒಪ್ಪಿದರು. ಹೋಲಿಕೆಯ ಬೆಲೆ ₹1,008ಕ್ಕೆ ಇಳಿಯಿತು.

ಜಗಳ ನಡೆದದ್ದು ಉಳಿದ ₹108ರ ಬಗ್ಗೆ. ಇಷ್ಟೊಂದು ಖರೀದಿಸುವವರಿಗೆ ಶೇ 10ರಷ್ಟು, ಅಂದರೆ ₹115ರ ರಿಯಾಯಿತಿ ಸಹಜವೆಂದು ಕಂಪನಿ ವಾದಿಸಿತು. ಹಾಗೆ ಲೆಕ್ಕ ಹಾಕಿದರೆ ಆರ್ಮ್ಸ್ ಲೆಂತ್ ಬೆಲೆ ₹893ಕ್ಕೆ ಬಂದು, ₹900 ಪಡೆದ ಕಂಪನಿಯೇ ನ್ಯಾಯದ ಕಡೆ ನಿಂತಂತಾಗುತ್ತಿತ್ತು. ಕೇಳಲು ಸರಿಯೆನಿಸುವ ವಾದವಿದು, ಆದರೆ ಪುರಾವೆ ಇರಲಿಲ್ಲ. ಕಂಪನಿಯ ಬೆಲೆಪಟ್ಟಿಯಲ್ಲಿ 10,000ಕ್ಕಿಂತ ಹೆಚ್ಚಿನ ಆರ್ಡರ್‌ಗೆ ಶೇ 4 ಎಂದಿತ್ತು. ಅದಕ್ಕಿಂತ ಹೆಚ್ಚಿನ ರಿಯಾಯಿತಿಯನ್ನು ಹೊರಗಿನ ಯಾರಿಗೂ ಎಂದೂ ಕೊಟ್ಟಿರಲಿಲ್ಲ. ಆಸ್ಟ್ರಿಯಾದ ಗ್ರಾಹಕರ ಆರ್ಡರ್‌ಗಳು ಆ ಮಿತಿಗಿಂತ ಕೆಳಗಿದ್ದುದರಿಂದ ಅವರ ಬೆಲೆಯಲ್ಲಿ ರಿಯಾಯಿತಿ ಸೇರಿರಲಿಲ್ಲ ಎಂಬುದನ್ನು ತೋರಿಸಿದ ಮೇಲೆ ಅಧಿಕಾರಿ ಶೇ 4ನ್ನು, ಅಂದರೆ ₹46ನ್ನು ಬಿಟ್ಟುಕೊಟ್ಟರು. ಅದಕ್ಕಿಂತ ಮುಂದೆ ಹೋಗಲಿಲ್ಲ. ನನ್ನ ಅಭಿಪ್ರಾಯದಲ್ಲೂ ಅವರು ಹೋಗಬೇಕಾಗಿರಲಿಲ್ಲ.

ಸಮೂಹದ ಹಣಕಾಸು ಮುಖ್ಯಸ್ಥರು ಇನ್ನೊಂದು ಅಂಶವನ್ನೂ ಮುಂದಿಟ್ಟರು. ಜರ್ಮನ್ ಕಂಪನಿ ವಿತರಕ ಮಾತ್ರ, ಅದು ಮಾರುಕಟ್ಟೆ ಹುಡುಕಿ ಮರುಮಾರಾಟ ಮಾಡಬೇಕು, ಆದ್ದರಿಂದ ವಿತರಕರ ಲಾಭಾಂಶಕ್ಕೂ ಒಂದು ಕಡಿತ ಬೇಕು ಎಂಬುದು ಅವರ ವಾದ. ಆದರೆ ಮಾರುಕಟ್ಟೆ ಹುಡುಕುವ ಕೆಲಸದ ಬೆಲೆಯನ್ನು ಏಜೆಂಟರ ಕಮಿಷನ್ನಿನ ರೂಪದಲ್ಲಿ ಆಗಲೇ ₹58 ಎಂದು ಕಳೆದಿದ್ದೆವು. ಒಂದೇ ಕೆಲಸಕ್ಕೆ ಎರಡು ಬಾರಿ ಕಡಿತ ಕೇಳುವುದು ಇಂಥ ಫೈಲುಗಳಲ್ಲಿ ಪದೇ ಪದೇ ಕಾಣುವ ದೋಷ, ಮತ್ತು ಅದು ಕಣ್ಣಿಗೆ ಬಿದ್ದ ಕ್ಷಣದಿಂದ ಅಧಿಕಾರಿ ಉಳಿದ ಅಂಕಿಗಳನ್ನೂ ಅನುಮಾನದಿಂದ ನೋಡತೊಡಗುತ್ತಾರೆ. ವಿತರಕನು ದಾಸ್ತಾನಿನ ನಷ್ಟವನ್ನೂ ಹೊರುತ್ತಾನೆಂದು ಒಪ್ಪಂದದಲ್ಲಿ ಬರೆದು, ನಡವಳಿಕೆಯಲ್ಲೂ ತೋರಿಸಿದ್ದರೆ ಕಮಿಷನ್ನಿನ ಆಚೆಗೆ ಸ್ವಲ್ಪ ಕೇಳಬಹುದಿತ್ತು. ಇಲ್ಲಿ ಮಾರಾಟವಾಗದೆ ಉಳಿದ ಸರಕನ್ನು ಪೀಣ್ಯದ ಕಾರ್ಖಾನೆಯೇ ವಾಪಸು ಪಡೆಯುತ್ತಿತ್ತು.

ಅಂತಿಮವಾಗಿ ಹೋಲಿಕೆಯ ಬೆಲೆ ₹962ಕ್ಕೆ ನಿಂತಿತು, ವ್ಯತ್ಯಾಸ ₹62. ‘ಶೇ 3ರವರೆಗೆ ವಿನಾಯಿತಿ ಇದೆಯಲ್ಲವೇ, ಅಷ್ಟನ್ನಾದರೂ ಬಿಡಲಿ’ ಎಂದು ಕಂಪನಿಯವರು ಕೇಳಿದರು. ಸಗಟು ವ್ಯಾಪಾರಕ್ಕೆ ಶೇ 1, ಉಳಿದವುಗಳಿಗೆ ಶೇ 3 ಎಂಬ ಈ ಮಿತಿ ಒಂದು ಹೊಸ್ತಿಲು ಮಾತ್ರ. ವ್ಯತ್ಯಾಸ ಅದರೊಳಗಿದ್ದರೆ ಪಡೆದ ಬೆಲೆಯನ್ನೇ ಒಪ್ಪಲಾಗುತ್ತದೆ, ದಾಟಿದರೆ ಇಡೀ ವ್ಯತ್ಯಾಸ ಆದಾಯಕ್ಕೆ ಸೇರುತ್ತದೆ. ₹900ರ ಮೇಲೆ ₹62 ಎಂದರೆ ಸುಮಾರು ಶೇ 6.9. ಹಾಗಾಗಿ 80,000 ವಾಲ್ವ್‌ಗಳಿಗೆ ₹49.6 ಲಕ್ಷ ಆದಾಯಕ್ಕೆ ಸೇರಿತು. ಇದರಲ್ಲೊಂದು ಸಮಾಧಾನವಿತ್ತು. ಇಂಥ ಸೇರ್ಪಡೆ ₹1 ಕೋಟಿ ಮೀರಿ ಕಂಪನಿ ಅದನ್ನು ಒಪ್ಪಿಕೊಂಡರೆ, ಆ ಹಣವನ್ನು ವಿದೇಶಿ ಕಂಪನಿಯಿಂದ ನಿಗದಿತ ಅವಧಿಯೊಳಗೆ ನಿಜವಾಗಿಯೂ ತರಿಸಿಕೊಳ್ಳಬೇಕು. ತರಿಸದಿದ್ದರೆ ಅದನ್ನು ಸಾಲವೆಂದು ಭಾವಿಸಿ ಬಡ್ಡಿಯನ್ನೂ ಆದಾಯಕ್ಕೆ ಸೇರಿಸಲಾಗುತ್ತದೆ. ₹49.6 ಲಕ್ಷ ಆ ಗೆರೆಯ ಕೆಳಗೇ ಉಳಿಯಿತು.

ಈ ವಿಧಾನಕ್ಕೂ ಮಿತಿಯಿದೆ. ಜರ್ಮನಿಗೆ ಹೋಗುವ ವಾಲ್ವ್‌ನ ಸೀಲು ಬೇರೆ ದರ್ಜೆಯದಾಗಿದ್ದರೆ, ಅಥವಾ ಹೊರಗಿನ ಗ್ರಾಹಕರು ಯುರೋಪಿನ ಬದಲು ಪುಣೆಯಲ್ಲಿದ್ದರೆ, ಆ ವ್ಯತ್ಯಾಸವನ್ನು ರೂಪಾಯಿಯಲ್ಲಿ ನಂಬುವಂತೆ ಅಳೆಯುವುದು ಕಷ್ಟವಾಗಿ, ನಿವ್ವಳ ಲಾಭದ ಹೋಲಿಕೆಗೇ ಮರಳಬೇಕಾಗುತ್ತಿತ್ತು. ಹಾಗೆ ಮರಳುವಾಗಲೂ ಸೋದರ ಕಂಪನಿಗೆ ಮಾಡಿದ ಮಾರಾಟದ ಲಾಭನಷ್ಟವನ್ನು ಪ್ರತ್ಯೇಕವಾಗಿ ತೆಗೆದು ತೋರಿಸುವುದು ಒಳ್ಳೆಯದು.

ಕಂಪನಿಗೆ ಈಗ ಉಳಿದಿರುವ ಕೆಲಸ ಜರ್ಮನಿಯ ಕಡೆಯದು. ಅಲ್ಲಿನ ಕಂಪನಿ ಖರೀದಿಯನ್ನು ₹900 ಎಂದೇ ತೋರಿಸಿ ತನ್ನ ಲಾಭದ ಮೇಲೆ ತೆರಿಗೆ ಕಟ್ಟಿದೆ. ಅದೇ ₹62ಕ್ಕೆ ಇಲ್ಲಿಯೂ ತೆರಿಗೆ ಬಿದ್ದಿದೆ. ಈ ಇಮ್ಮಡಿ ತೆರಿಗೆಯನ್ನು ಬಿಡಿಸಲು ಎರಡೂ ದೇಶಗಳ ತೆರಿಗೆ ಒಪ್ಪಂದದಡಿ ಪರಸ್ಪರ ಸಮಾಲೋಚನೆಗೆ ಅರ್ಜಿ ಹಾಕಬಹುದು. ಅದಕ್ಕೊಂದು ಕಾಲಮಿತಿಯಿದೆ. ಭಾರತದಲ್ಲಿ ಮೇಲ್ಮನವಿ ಬಾಕಿಯಿದೆ ಎಂದು ಕಾಯುತ್ತ ಕುಳಿತರೆ ಆ ಅವಧಿ ಮುಗಿದುಹೋಗಬಹುದು. ಆದ್ದರಿಂದ ಆದೇಶ ಕೈಸೇರಿದ ವಾರವೇ ಜರ್ಮನಿಯ ಲೆಕ್ಕಪರಿಶೋಧಕರಿಗೆ ಅದರ ಪ್ರತಿ ಕಳುಹಿಸಿದ್ದೇವೆ.