ಹಪ್ಪಳ ಎರಡೂವರೆ ಕಿಲೋ, ಬಿಲ್ಲು ಆರು ಕಿಲೋಗೆ: ಯಾಕೆ?

ಪ್ರಶ್ನೆ: ಬದಿಯಡ್ಕದ ಹತ್ತಿರ ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಬೆಂಗಳೂರು, ಮುಂಬೈಗೆ ಕೊರಿಯರಿನಲ್ಲಿ ಕಳಿಸುತ್ತೇವೆ. 25ರ ಕಟ್ಟು, ಒಂದೊಂದು ಸುಮಾರು 400 ಗ್ರಾಂ. ಆರು ಕಟ್ಟು ಹಾಕಿದರೆ ಎರಡೂವರೆ ಕಿಲೋ ದಾಟುವುದು ಕಷ್ಟ. ಆದರೆ ಕೊರಿಯರಿನವರು ಆರು ಕಿಲೋಗೆ ಬಿಲ್ಲು ಮಾಡುತ್ತಾರೆ. ಒಡೆಯಬಾರದೆಂದು ದೊಡ್ಡ ಪೆಟ್ಟಿಗೆಗೆ ಪೇಪರ್ ತುಂಬಿಯೇ ಕಳಿಸುತ್ತೇವೆ, ಆದರೂ ಕೆಲವು ಒಡೆಯುತ್ತವೆ. ಏನು ಮಾಡಬಹುದು?

ಉತ್ತರ: ನೀವು ಬಾಡಿಗೆ ಕಟ್ಟುತ್ತಿರುವುದು ಹಪ್ಪಳಕ್ಕಲ್ಲ, ಪೆಟ್ಟಿಗೆಯೊಳಗಿನ ಗಾಳಿಗೆ. ಒಡೆಯುವುದಕ್ಕೂ ಹೆಚ್ಚುಕಡಿಮೆ ಅದೇ ಗಾಳಿ ಕಾರಣ.

ಕೊರಿಯರಿನವರು ಪಾರ್ಸೆಲನ್ನು ತಕ್ಕಡಿಗೂ ಇಡುತ್ತಾರೆ, ಅಳತೆಯನ್ನೂ ತೆಗೆಯುತ್ತಾರೆ. ಹೊರಗಿನ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ಅದು, ನಿಜವಾದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ಕೆಲವು ಕಡೆ ಭಾಜಕ 4000 ಅಥವಾ 4500 ಇರುತ್ತದೆ, ಆಗ ಗಾಳಿ ಇನ್ನೂ ದುಬಾರಿ. ಹಾಗಾಗಿ ಕಿಲೋಗೆ ಎಷ್ಟು ಎನ್ನುವುದಕ್ಕಿಂತ ಮೊದಲು ಎಷ್ಟರಿಂದ ಭಾಗಿಸುತ್ತೀರಿ ಎಂದು ಕೇಳಿ.

ಆರು ಕಿಲೋ ಬಿಲ್ಲು ಬಂದಿದೆ ಎಂದರೆ ನಿಮ್ಮ ಪೆಟ್ಟಿಗೆ 40×30×25ರ ಆಸುಪಾಸಿನದ್ದು. ಗುಣಿಸಿದರೆ 30,000, ಭಾಗಿಸಿದರೆ ಸರಿಯಾಗಿ 6.

ಈಗ ಹಪ್ಪಳವನ್ನೇ ಅಳೆಯೋಣ. ಒಂದು ಕಟ್ಟಿಗೆ 16 ಸೆಂಟಿಮೀಟರ್ ಅಡ್ಡಳತೆ, 4 ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ನಿಮ್ಮದು ಬೇರೆ ಇದ್ದರೆ ಹತ್ತು ಕಟ್ಟು ಅಳೆದು ಅದರಲ್ಲಿ ದೊಡ್ಡದನ್ನು ಹಿಡಿಯಿರಿ. ಬಿಸಿಲಿಗೆ ಡೊಂಕಾದ ಹಪ್ಪಳದ ಕಟ್ಟು ಯಾವಾಗಲೂ ಎತ್ತರ. ಮೂರು ಮೂರು ಕಟ್ಟಿನ ಎರಡು ಅಟ್ಟಿ ಪಕ್ಕಪಕ್ಕ ಇಟ್ಟರೆ 32×16×12 ಆಯಿತು. ಬೆರಳು ಹೋಗುವಷ್ಟು ಸಂದು, ನಡುವೆ ಒಂದು ರಟ್ಟು, ಮೇಲೆ ಕೆಳಗೆ ಒಂದೊಂದು ರಟ್ಟು ಸೇರಿಸಿ ಪೆಟ್ಟಿಗೆಯ ಒಳ ಅಳತೆ 34×18×13 ಇದ್ದರೆ ಸಾಕು.

ಎಡವುವುದು ಇಲ್ಲೇ. ಪೆಟ್ಟಿಗೆ ಮಾಡುವವರು ಹೇಳುವುದು ಹೆಚ್ಚಾಗಿ ಒಳ ಅಳತೆ, ಕೊರಿಯರಿನವರು ಹಿಡಿಯುವುದು ಹೊರ ಅಳತೆ. 3 ಪ್ಲೈ ರಟ್ಟು ಸುಮಾರು 3 ಮಿಲಿಮೀಟರ್ ದಪ್ಪ. ಉದ್ದ ಅಗಲಗಳಿಗೆ ಎರಡೆರಡು ಗೋಡೆ ಸೇರುತ್ತದೆ, ಎತ್ತರಕ್ಕೆ ಮೇಲೆ ಎರಡು ಕೆಳಗೆ ಎರಡು ಮಡಿಕೆ, ಅಂದರೆ ಸುಮಾರು 12 ಮಿಲಿಮೀಟರ್. ಚೂರುಪಾರನ್ನು ಮೇಲಕ್ಕೆ ಏರಿಸಿಯೇ ಲೆಕ್ಕ ಹಿಡಿಯುವುದರಿಂದ ಹೊರ ಅಳತೆ 35×19×15. ಗಾತ್ರದ ತೂಕ 2 ಕಿಲೋದೊಳಗೇ ಬಂತು. ನಿಜವಾದ ತೂಕ ಹಪ್ಪಳ 2,400 ಗ್ರಾಂ, ಪೆಟ್ಟಿಗೆ ಸುಮಾರು 140, ರಟ್ಟು, ಪ್ಲಾಸ್ಟಿಕ್ ಚೀಲ, ಟೇಪು ಸೇರಿ ಇನ್ನೊಂದು 100, ಒಟ್ಟು 2.64 ಕಿಲೋ. ಅರ್ಧ ಕಿಲೋದ ಮೆಟ್ಟಿಲಿನಲ್ಲಿ ಬಿಲ್ಲು 3 ಕಿಲೋಗೆ. ಕಿಲೋಗೆ ₹60 ಎಂದಿಟ್ಟುಕೊಂಡರೆ ₹360 ಇದ್ದದ್ದು ₹180. ರಟ್ಟೂ ಅರ್ಧಕ್ಕಿಂತ ಕಡಿಮೆ ಸಾಕು: ಹಳೆಯ ಪೆಟ್ಟಿಗೆಗೆ ಸುಮಾರು 7,500 ಚದರ ಸೆಂಟಿಮೀಟರ್, ಹೊಸದಕ್ಕೆ 3,350.

ಇಲ್ಲಿಗೆ ನಿಲ್ಲಿಸಿ. ತಕ್ಕಡಿಯ ತೂಕವೇ ಗಾತ್ರದ ತೂಕಕ್ಕಿಂತ ಹೆಚ್ಚಾದ ಮೇಲೆ ಪೆಟ್ಟಿಗೆಯನ್ನು ಇನ್ನೂ ಬಿಗಿ ಮಾಡಿದರೆ ಬಾಡಿಗೆಯಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ, ಹಪ್ಪಳ ಮಾತ್ರ ಒಡೆಯುತ್ತದೆ. ಬದಲಿಗೆ, 2.64ಕ್ಕೂ 3ಕ್ಕೂ ನಡುವೆ 360 ಗ್ರಾಂ ಪುಕ್ಕಟೆ ಜಾಗ ಇದೆ ಎಂದು ನೋಡಿ. 5 ಪ್ಲೈ ಪೆಟ್ಟಿಗೆಗೆ ಹೋದರೆ ತೂಕ ಸುಮಾರು 100 ಗ್ರಾಂ ಹೆಚ್ಚುತ್ತದೆ, ಹೊರ ಅಳತೆ 36×20×16 ಆಗುತ್ತದೆ, ಬಿಲ್ಲು ಆಗಲೂ 3 ಕಿಲೋಗೇ. ಪೆಟ್ಟಿಗೆಗೆ ಕೊಡುವ ಹಣ ಹೆಚ್ಚು, ನಿಜ. ಆದರೆ ಆಟಿಯ ಮಳೆಯಲ್ಲಿ ರಟ್ಟು ತೇವ ಹೀರಿ ಮೆತ್ತಗಾಗುವ ಹೊತ್ತಿಗೆ ಆ ಖರ್ಚು ದಂಡವಲ್ಲ. ಬೇಸಗೆಯಲ್ಲಿ 3 ಪ್ಲೈಯೇ ಸಾಕು.

ಇನ್ನು ಒಡೆಯುವ ವಿಷಯ. ಮುದ್ದೆ ಮಾಡಿ ತುರುಕಿದ ಪತ್ರಿಕೆ ಲಾರಿಯ ಕುಲುಕಾಟಕ್ಕೆ ಕುಸಿಯುತ್ತದೆ. ಕಾಸರಗೋಡಿನಲ್ಲಿ ತುಂಬಿ ತುಳುಕುತ್ತಿದ್ದ ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ತಲುಪುವಷ್ಟರಲ್ಲಿ ಮೇಲೆ ಮೂರು ಬೆರಳು ಖಾಲಿ. ಅಲ್ಲಿಗೆ ಎರಡು ಹಾನಿ: ಹಪ್ಪಳದ ಕಟ್ಟು ಓಡಾಡಿ ಅಂಚು ಚೂರಾಗುತ್ತದೆ; ಮೇಲೆ ಬೇರೆ ಪಾರ್ಸೆಲ್ ಬಿದ್ದಾಗ ಆಧಾರವಿಲ್ಲದ ಮುಚ್ಚಳ ಒಳಗೆ ಕುಸಿದು ನಡುವಿನ ಹಪ್ಪಳವನ್ನೇ ಒತ್ತುತ್ತದೆ. ಸ್ವೀಕರಿಸಿದವರು ಕಳಿಸುವ ಫೋಟೋ ನೋಡಿದರೆ ಕಾರಣ ಗೊತ್ತಾಗುತ್ತದೆ. ಅಂಚು ಮಾತ್ರ ಮುರಿದಿದ್ದರೆ ಓಡಾಟ, ಮೇಲಿನ ಕಟ್ಟು ನಡುವೆ ಸೀಳಿದ್ದರೆ ಮುಚ್ಚಳದ ಒತ್ತಡ.

ದುಂಡನೆಯ ಹಪ್ಪಳ ಚೌಕದ ಪೆಟ್ಟಿಗೆಯಲ್ಲಿ ಕೂತಾಗ ಮೂಲೆಗಳಲ್ಲಿ ಹೇಗೂ ಖಾಲಿ ಉಳಿಯುತ್ತದೆ. ಅದನ್ನು ಪತ್ರಿಕೆಯಿಂದ ತುರುಕಬೇಡಿ. ದಪ್ಪ ಕಂದು ಕಾಗದವನ್ನು ಬೆರಳು ಗಾತ್ರಕ್ಕೆ ಬಿಗಿಯಾಗಿ ಸುತ್ತಿ, ಪೆಟ್ಟಿಗೆಯ ಎತ್ತರಕ್ಕೆ ಕತ್ತರಿಸಿ, ನಾಲ್ಕು ಮೂಲೆಗೆ ಕಂಬದಂತೆ ನಿಲ್ಲಿಸಿ. ಮೇಲಿನ ಭಾರವನ್ನು ಅವು ಹೊರುತ್ತವೆ, ಹಪ್ಪಳ ಹೊರಬೇಕಾಗಿಲ್ಲ. ಬಬಲ್ ಹಾಳೆ ಇಲ್ಲಿ ದುಡ್ಡು ದಂಡ: ಹಪ್ಪಳಕ್ಕೆ ಬೇಕಾದದ್ದು ಮೆತ್ತೆಯಲ್ಲ, ಅಲುಗಾಡದ ಬಿಗಿ.

ಟೇಪು ಹಾಕುವ ಮೊದಲು ಪೆಟ್ಟಿಗೆಯನ್ನು ಕಿವಿಯ ಬಳಿ ಅಲ್ಲಾಡಿಸಿ. ಸದ್ದು ಬಂದರೆ ಒಳಗೆ ಓಡಾಟವಿದೆ. ಮುಚ್ಚಳದ ನಡುವೆ ಹೆಬ್ಬೆರಳಲ್ಲಿ ಒತ್ತಿ. ಒಂದು ಸೆಂಟಿಮೀಟರ್ ಇಳಿದರೂ ಇನ್ನೊಂದು ರಟ್ಟು ಬೇಕು. ಹಾಗೆಂದು ಹೊಟ್ಟೆ ಉಬ್ಬುವಷ್ಟು ತುಂಬಬಾರದು. ಅಳೆಯುವವರು ಉಬ್ಬಿದ ತುದಿಯಿಂದಲೇ ಅಳೆಯುತ್ತಾರೆ: ಅಗಲದ ಎರಡು ಬದಿ, ಮೇಲೆ, ಕೆಳಗೆ ಎರಡೆರಡು ಸೆಂಟಿಮೀಟರ್ ಉಬ್ಬಿದರೆ 35×23×19 ಆಗಿ 3.06 ಕಿಲೋ, ಬಿಲ್ಲು 3.5ಕ್ಕೆ.

ಹಳೆಯ ಪೆಟ್ಟಿಗೆಗಳ ರಾಶಿ ಇನ್ನೂ ಇದ್ದರೆ ಬಿಸಾಡಬೇಡಿ. ನಾಲ್ಕು ಮೂಲೆಯನ್ನೂ ಮೇಲಿನಿಂದ 10 ಸೆಂಟಿಮೀಟರ್ ಸೀಳಿ, ಮಡಿಸುವ ಗೆರೆಯನ್ನು ಕತ್ತಿಯ ಬೆನ್ನಿನಿಂದ ಒತ್ತಿ ಎಳೆದು ಮಡಿಸಿ. ಮುಚ್ಚಳದ ಹೆಚ್ಚುವರಿ ಪಟ್ಟಿಗಳನ್ನು ಕತ್ತರಿಸಿ ಮಡಚಿ, ಅಟ್ಟಿಯ ಪಕ್ಕದ ಖಾಲಿ ಜಾಗಕ್ಕೆ ಅವನ್ನೇ ತಡೆಯಾಗಿ ನಿಲ್ಲಿಸಿ. 40×30×15 ಆದರೆ 3.6, ಬಿಲ್ಲು 4 ಕಿಲೋಗೆ. ಒಂದು ಕತ್ತಿಯಿಂದಲೇ ಎರಡು ಕಿಲೋ ಉಳಿಯಿತು.

ಹೊಸದಾಗಿ ಮಾಡಿಸುವಾಗ ಎರಡೇ ಅಳತೆ ಸಾಕು: ಆರು ಕಟ್ಟಿಗೆ ಒಳ ಅಳತೆ 34×18×13, ಮೂರಕ್ಕೆ 18×18×13. ಚಿಕ್ಕದರ ಬಿಲ್ಲು 1.5 ಕಿಲೋಗೆ ಬರುತ್ತದೆ. ನಾಲ್ಕು ಕಟ್ಟಿನ ಆರ್ಡರ್ ಬಂದರೆ ದೊಡ್ಡದಕ್ಕೇ ಹಾಕಿ, ಎರಡೆರಡು ಕಟ್ಟಿನ ಅಟ್ಟಿ ಮಾಡಿ, ಮೇಲಿನಿಂದ 4 ಸೆಂಟಿಮೀಟರ್ ಸೀಳಿ ಮಡಿಸಿ. ನಾಲ್ಕು ಕಟ್ಟಿಗೂ ಆರಕ್ಕೂ ಬೇರೆ ಬೇರೆ ಪೆಟ್ಟಿಗೆ ಮಾಡಿಸಿದರೆ ಉಳಿತಾಯವೆಲ್ಲ ಖರ್ಚಾಗದ ಪೆಟ್ಟಿಗೆಯ ರಾಶಿಯಲ್ಲಿ ಸಿಕ್ಕಿಬೀಳುತ್ತದೆ, ಮಳೆಗಾಲದಲ್ಲಿ ಅದು ಬೂಸ್ಟೂ ಹಿಡಿಯುತ್ತದೆ. ಇರುವಷ್ಟನ್ನು ಗೋಡೆಗೆ ತಾಗಿಸದೆ, ನೆಲದಿಂದ ಮೇಲೆ ಅಡಕೆ ಮರದ ಸೀಳುಗಳ ಅಟ್ಟಳಿಗೆಯಲ್ಲಿಡಿ.

ಬುಕ್ಕಿಂಗಿಗೆ ಕೊಡುವ ಮುನ್ನ ಮೂರೂ ಬದಿಗೆ ಅಳತೆಪಟ್ಟಿ ಹಿಡಿದು, ತಕ್ಕಡಿಯ ಮೇಲೂ ಇಟ್ಟು, ಚೀಟಿ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಬಿಲ್ಲಿನಲ್ಲಿ ಬೇರೆ ತೂಕ ಬಂದರೆ ತಕರಾರು ಹಾಕಲು ಅದೊಂದೇ ಆಧಾರ.