ಟೈರಿನ ಒಳಅಂಚು ಸವೆದಿದ್ದರೆ ಮೊದಲು ಬುಷ್ ನೋಡಿಸಿ

ಮುಂದಿನ ಟೈರಿನ ಒಳಅಂಚು ಗಾಡಿಯ ಪಕ್ಕ ನಿಂತರೆ ಕಾಣುವುದಿಲ್ಲ. ಸ್ಟಿಯರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಎಂಜಿನ್ ಆಫ್ ಮಾಡಿ, ಬಗ್ಗಿ ನೋಡಿ. ತಂತಿ ಹೊರಬಂದಿದ್ದರೆ ಮುಟ್ಟಬೇಡಿ, ಆ ಟೈರಿನ ಕಥೆ ಮುಗಿದಿದೆ. ಅದನ್ನು ಹಿಂದಿನ ಚಕ್ರಕ್ಕೆ ಹಾಕಿ ಓಡಿಸುವುದೂ ಬೇಡ. ಇಲ್ಲದಿದ್ದರೆ ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಆಡಿಸಿ. ಒಂದು ದಿಕ್ಕಿಗೆ ನುಣ್ಣಗಿದ್ದು, ಇನ್ನೊಂದು ದಿಕ್ಕಿಗೆ ಗರಗಸದಂತೆ ತಡೆದರೆ ಬಹುಮಟ್ಟಿಗೆ ಅದು ಟೋ ದೋಷ: ಚಕ್ರಗಳ ಮುಂಭಾಗ ಹೊರಕ್ಕೆ ತೆರೆದುಕೊಂಡಿದೆ. ಎರಡೂ ದಿಕ್ಕಿಗೆ ನುಣ್ಣಗಿದ್ದು, ಒಂದೇ ಚಕ್ರದ ಒಳಅಂಚು ಸವೆದಿದ್ದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಕ್ಯಾಂಬರ್ ದೋಷದ ಮೇಲೆ, ಅಂದರೆ ಗುಂಡಿಗೆ ಬಿದ್ದು ಬಾಗಿದ ಸ್ಟ್ರಟ್ ಅಥವಾ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಮೇಲೆ, ಅನುಮಾನ ಪಡಬೇಕು.

ಟೋ ಎಷ್ಟು ತಿನ್ನುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಸುಮಾರು 600 ಮಿ.ಮೀ. ವ್ಯಾಸದ ಟೈರಿರುವ ಸಣ್ಣ ಕಾರು ಎಂದುಕೊಳ್ಳಿ. ಒಂದೊಂದು ಚಕ್ರದ ಮುಂಭಾಗವೂ ಅದರ ಹಿಂಭಾಗಕ್ಕಿಂತ 3 ಮಿ.ಮೀ. ಹೊರಕ್ಕಿದ್ದರೆ, ಪ್ರತಿ ಕಿಲೋಮೀಟರಿಗೆ ಆ ಟೈರು ಸುಮಾರು 5 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಉಜ್ಜುವ ಭಾರ ಬೀಳುವುದು ಒಳಅಂಚಿನ ಮೇಲೆ.

ಇಷ್ಟು ತಿಳಿದವರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹೊಸ ಟೈರು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ, ಎಲ್ಲ ಅಂಕಿಯೂ ಹಸಿರಾಗಿರುವ ಪ್ರಿಂಟ್ ತೆಗೆದುಕೊಂಡು ಹೋಗುತ್ತಾರೆ. ಕೆಲವು ಸಾವಿರ ಕಿಲೋಮೀಟರಿಗೆ ಅದೇ ಅಂಚು ಮತ್ತೆ ಬೋಳು. ಯಂತ್ರ ಸುಳ್ಳು ಹೇಳಿರುವುದಿಲ್ಲ. ಅದು ಅಳೆದದ್ದು ನಿಂತ ಗಾಡಿಯನ್ನು. ಲೋವರ್ ಆರ್ಮನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಬುಷ್‌ನ ರಬ್ಬರ್ ಹರಿದಿದ್ದರೆ, ಬ್ರೇಕ್ ಒತ್ತಿದಾಗಲೆಲ್ಲ ಚಕ್ರ ಹಿಂದಕ್ಕೆ ಸರಿಯುತ್ತದೆ, ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಮಾತ್ರ ಇದ್ದ ಉದ್ದದಲ್ಲೇ ಇರುತ್ತದೆ. ಸ್ಟಿಯರಿಂಗ್ ರ್‍ಯಾಕ್ ಆಕ್ಸಲ್‌ನ ಹಿಂದಿರುವ ಬಹಳಷ್ಟು ಕಾರುಗಳಲ್ಲಿ ಆಗ ಚಕ್ರ ಹೊರಕ್ಕೆ ತೆರೆದುಕೊಳ್ಳುತ್ತದೆ. ಗಾಡಿ ನಿಂತ ಮೇಲೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ದಯವಿಟ್ಟು ಇದನ್ನು ಮನಸ್ಸಿಟ್ಟು ಕೇಳಿ: ಸಡಿಲವಿರುವ ಗಾಡಿಗೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ.

ಆದ್ದರಿಂದ ಅಲೈನ್‌ಮೆಂಟ್‌ಗೆ ಮೊದಲು ಚಕ್ರವನ್ನು ಜ್ಯಾಕ್ ಮೇಲೆ ಎತ್ತಿಸಿ. ಎಡ-ಬಲ ಹಿಡಿದು ಅಲುಗಿಸಿದಾಗ ಟಕ್ ಎಂದರೆ ಟೈ ರಾಡ್ ಎಂಡ್ ಅಥವಾ ರ್‍ಯಾಕ್. ಮೇಲೆ-ಕೆಳಗೆ ಹಿಡಿದಾಗ ಆಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಬುಷ್ ಅನ್ನು ಸನ್ನೆಕೋಲು ಹಾಕಿ ಮೀಟಿ ನೋಡಬೇಕು. ಮೇಲ್ಗಡೆ ಸಣ್ಣ ಬಿರುಕಿದ್ದ ಮಾತ್ರಕ್ಕೆ ಬದಲಿಸಬೇಕಿಲ್ಲ. ರಬ್ಬರ್ ಲೋಹದಿಂದ ಬಿಟ್ಟುಕೊಂಡಿದ್ದರೆ ಬದಲಿಸಲೇಬೇಕು.

ಹೊಸ ಬುಷ್ ಹಾಕುವಾಗ ಒಂದು ತಪ್ಪು ಪದೇಪದೇ ಆಗುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದುಬಿಡುತ್ತಾರೆ. ಗಾಡಿ ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡೇ ಉಳಿದು, ಬೇಗ ಹರಿಯುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಬಂದ ನಂತರವೇ ಕೊನೆಯ ಬಿಗಿತ ಕೊಡಬೇಕು. ಆಮೇಲೆ ಟೈರಿನ ಗಾಳಿ ಸರಿಮಾಡಿ, ಸ್ಟಿಯರಿಂಗ್ ನೇರವಾಗಿ ಲಾಕ್ ಮಾಡಿ, ಎರಡೂ ಕಡೆಯ ಟೈ ರಾಡ್ ತಿರುಗಿಸಿ ಕಂಪನಿ ಕೊಟ್ಟ ಅಳತೆಗೆ ಟೋ ತರಬೇಕು. ಲಾಕ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಲು ಹೇಳಿ, ಬಿಗಿಯುವಾಗಲೇ ಟೋ ಕದಲುವುದುಂಟು.